ಸೀಸನ್ ದರ ಮತ್ತು ಮರಳಿ ಬರುವ ಅತಿಥಿ: ಐದು ದಾರಿಗಳ ಹೋಲಿಕೆ

ನಾಲ್ಕೈದು ಕೋಣೆಗಳ ಹೋಮ್‌ಸ್ಟೇ ನಡೆಸುವವರೂ ಎರಡು ಮೂರು ಕಾರುಗಳ ಟ್ಯಾಕ್ಸಿ ಸೇವೆ ಇಟ್ಟುಕೊಂಡವರೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಸೀಸನ್‌ನಲ್ಲಿ ದಿನಕ್ಕೆ ಹತ್ತು ಮಂದಿಗೆ ಇಲ್ಲ ಎನ್ನಬೇಕಾಗುತ್ತದೆ, ಉಳಿದ ತಿಂಗಳುಗಳಲ್ಲಿ ಕೋಣೆ ಖಾಲಿ ಬೀಳುತ್ತದೆ. ಹಾಗಾದರೆ ಸೀಸನ್‌ನಲ್ಲಿ ದರ ಏರಿಸಬೇಕೆಂಬುದು ಲೆಕ್ಕಕ್ಕೆ ಸರಿ. ಆದರೆ ಆರು ವರ್ಷದಿಂದ ತಪ್ಪದೆ ಬರುತ್ತಿರುವ ಕುಟುಂಬಕ್ಕೆ ಫೋನಿನಲ್ಲಿ ಹೊಸ ದರ ಹೇಳುವಾಗ ನಾಲಿಗೆ ತಡವರಿಸುತ್ತದೆ. ಏರಿಸದಿದ್ದರೆ ನಷ್ಟ, ಏರಿಸಿದರೆ ಸಂಬಂಧ ಕೆಡುತ್ತದೆ ಎಂಬ ಈ ಇಕ್ಕಟ್ಟಿನಲ್ಲಿ ಅನೇಕರು ಪ್ರತಿ ವರ್ಷ ಒಂದೊಂದು ರೀತಿ ನಡೆದುಕೊಳ್ಳುತ್ತಾರೆ, ಮತ್ತು ಅತಿಥಿಗಳನ್ನು ನಿಜವಾಗಿ ನೋಯಿಸುವುದು ಆ ಹೊಯ್ದಾಟವೇ.

ಈ ಬರಹದಲ್ಲಿ ಐದು ದಾರಿಗಳನ್ನು ಹೋಲಿಸಿದ್ದೇನೆ: ವರ್ಷಪೂರ್ತಿ ಒಂದೇ ದರ, ಮೊದಲೇ ಪ್ರಕಟಿಸಿದ ಸೀಸನ್ ದರಪಟ್ಟಿ, ದಿನದಿನದ ಬೇಡಿಕೆಗೆ ತಕ್ಕಂತೆ ಬದಲಾಗುವ ದರ, ಸೀಸನ್ ದರದ ಜೊತೆಗೆ ಹಳೆಯ ಅತಿಥಿಗಳಿಗೆಂದೇ ಕಾಯ್ದಿಟ್ಟ ದರ, ಮತ್ತು ದರವನ್ನು ಹಾಗೆಯೇ ಇಟ್ಟು ನಿಬಂಧನೆಗಳನ್ನು ಮಾತ್ರ ಬದಲಿಸುವುದು. ಹೋಮ್‌ಸ್ಟೇಯನ್ನೇ ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದೇನೆ. ಟ್ಯಾಕ್ಸಿಯ ಲೆಕ್ಕ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯದು, ಸೀಸನ್‌ನಲ್ಲಿ ನೀವು ನಿಜಕ್ಕೂ ಎಷ್ಟು ಜನರನ್ನು ತಿರುಗಿಸಿ ಕಳುಹಿಸುತ್ತೀರಿ ಎಂಬುದು. ಕೋಣೆ ತುಂಬಿದ್ದರಷ್ಟೇ ಸಾಲದು. ತುಂಬಿದ ಮೇಲೂ ಕೇಳಿಕೊಂಡು ಬಂದವರು ಎಷ್ಟು ಮಂದಿ ಎಂಬುದನ್ನು ಬರೆದಿಡಬೇಕು. ಕೋಣೆಗಳು ಕೊನೆಯ ವಾರದಲ್ಲಿ ಅಂತೂ ಇಂತೂ ತುಂಬಿದವು ಎಂದಾದರೆ ನಿಮ್ಮ ದರ ಈಗಾಗಲೇ ಬೇಡಿಕೆಯ ಅಂಚಿನಲ್ಲಿದೆ. ಮೂರು ತಿಂಗಳ ಮೊದಲೇ ತುಂಬಿ, ಆಮೇಲೆ ದಿನವೂ ಫೋನ್ ಬರುತ್ತಿದ್ದರೆ ದರ ಕಡಿಮೆಯಿದೆ. ಹೀಗೆ ತಿರುಗಿಸಿದ ಕರೆಗಳ ಪಟ್ಟಿ ಇಡುವವರು ಬಹಳ ಕಡಿಮೆ, ಆದರೆ ಉಳಿದೆಲ್ಲ ನಿರ್ಧಾರಗಳೂ ಆ ಪಟ್ಟಿಯ ಮೇಲೆಯೇ ನಿಲ್ಲುತ್ತವೆ.

ಎರಡನೆಯದು, ನಿಮ್ಮ ಹಳೆಯ ಅತಿಥಿಗಳು ಯಾವ ತಿಂಗಳಲ್ಲಿ ಬರುತ್ತಾರೆ ಎಂಬುದು. ಸೀಸನ್‌ನಲ್ಲಿ ಮಾತ್ರ ಬರುವವರು ಮತ್ತು ಖಾಲಿ ತಿಂಗಳಲ್ಲೂ ಬರುವವರು ಒಂದೇ ಬಗೆಯ ಅತಿಥಿಗಳಲ್ಲ. ಈ ಎರಡರ ವ್ಯತ್ಯಾಸವೇ ಈ ಬರಹದ ತಿರುಳು, ಅದಕ್ಕೆ ಮುಂದೆ ಬರುತ್ತೇನೆ.

ಮೂರನೆಯದು, ಇಬ್ಬರು ಅತಿಥಿಗಳು ಒಂದೇ ಊಟದ ಮೇಜಿನಲ್ಲಿ ಕುಳಿತು ತಾವು ಕೊಟ್ಟ ದರವನ್ನು ಹೋಲಿಸಿಕೊಂಡರೆ ಆ ವ್ಯತ್ಯಾಸಕ್ಕೆ ನೀವು ಇಬ್ಬರ ಮುಂದೆಯೂ ಹೇಳಬಹುದಾದ ಕಾರಣ ಇದೆಯೇ ಎಂಬುದು. ದೊಡ್ಡ ಹೋಟೆಲಿನಲ್ಲಿ ಅತಿಥಿಗಳು ಒಬ್ಬರೊಡನೊಬ್ಬರು ಮಾತಾಡುವುದು ಅಪರೂಪ. ಹೋಮ್‌ಸ್ಟೇಯಲ್ಲಿ ಅದು ಎರಡನೆಯ ದಿನವೇ ನಡೆಯುತ್ತದೆ.

ನಾಲ್ಕನೆಯದು, ನಿಭಾಯಿಸುವ ಹೊರೆ. ಅಡುಗೆ, ಶುಚಿ, ಫೋನ್, ಲೆಕ್ಕ ಎಲ್ಲವನ್ನೂ ಇಬ್ಬರೇ ನೋಡಿಕೊಳ್ಳುವ ಮನೆಯಲ್ಲಿ ದಿನಕ್ಕೊಂದು ದರ ಇಡುವುದು ಕಾಗದದ ಮೇಲೆ ಚೆಂದ ಕಂಡರೂ ಎರಡು ಕಡೆ ಎರಡು ದರ ಉಳಿದುಬಿಡುವ ತಪ್ಪಿಗೆ ದಾರಿ ಮಾಡುತ್ತದೆ.

ಅತಿಥಿಗೆ ನೋವಾಗುವುದು ಯಾವುದರಿಂದ

ಆಯ್ಕೆಗಳಿಗೆ ಹೋಗುವ ಮೊದಲು ಒಂದು ಹಳೆಯ ಅಧ್ಯಯನವನ್ನು ನೆನೆಯುವುದು ಉಪಯುಕ್ತ. 1986ರಲ್ಲಿ ಡೇನಿಯಲ್ ಕಾನ್ಮನ್, ಜ್ಯಾಕ್ ಕ್ನೆಚ್ ಮತ್ತು ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು ಕೆನಡಾದ ಜನರಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆಗಳ ಫಲವನ್ನು ಪ್ರಕಟಿಸಿದರು. ಒಂದು ಅಂಗಡಿ ಹಿಮ ತೆಗೆಯುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿತ್ತು, ದೊಡ್ಡ ಹಿಮಪಾತದ ಮರುದಿನ ಬೆಲೆಯನ್ನು 20 ಡಾಲರಿಗೆ ಏರಿಸಿತು, ಇದು ನ್ಯಾಯವೇ ಎಂದು ಕೇಳಿದಾಗ ಶೇಕಡಾ 82ರಷ್ಟು ಮಂದಿ ಅನ್ಯಾಯ ಎಂದರು. ಇನ್ನೊಂದು ಪ್ರಶ್ನೆ ನಮಗೆ ಇನ್ನೂ ಹತ್ತಿರದ್ದು. ಕಾರಿಗೆ ಅಭಾವ ಬಂದಾಗ, ಪಟ್ಟಿಯ ಬೆಲೆಗೇ ಮಾರುತ್ತಿದ್ದ ವ್ಯಾಪಾರಿ ಅದರ ಮೇಲೆ 200 ಡಾಲರ್ ಏರಿಸಿದರೆ ಶೇಕಡಾ 71 ಮಂದಿಗೆ ಅದು ಅನ್ಯಾಯವಾಗಿ ಕಂಡಿತು. ಅದೇ ವ್ಯಾಪಾರಿ ಮೊದಲು 200 ಡಾಲರ್ ರಿಯಾಯಿತಿ ಕೊಡುತ್ತಿದ್ದು ಈಗ ಅದನ್ನು ನಿಲ್ಲಿಸಿ ಪಟ್ಟಿಯ ಬೆಲೆಗೆ ಮಾರಿದರೆ ಶೇಕಡಾ 58 ಮಂದಿ ಒಪ್ಪಿಕೊಂಡರು. ಎರಡರಲ್ಲೂ ಏರಿಕೆ 200 ಡಾಲರೇ. ಬೇರೆಯಾಗಿದ್ದು ಜನ ಯಾವುದನ್ನು ಮೂಲ ಬೆಲೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂಬುದಷ್ಟೇ. ಖರ್ಚು ಹೆಚ್ಚಾದ ಕಾರಣಕ್ಕೆ ಬೆಲೆ ಏರಿಸುವುದನ್ನು ಮಾತ್ರ ಹೆಚ್ಚಿನವರು ನ್ಯಾಯವೆಂದೇ ಒಪ್ಪಿದರು ಎಂಬುದೂ ಆ ಅಧ್ಯಯನದ ಮುಖ್ಯ ಅಂಶ.

ಹಳೆಯ ಅತಿಥಿ ಎಂದರೆ ಮನಸ್ಸಿನಲ್ಲಿ ಮೂಲ ಬೆಲೆಯೊಂದನ್ನು ಗಟ್ಟಿಯಾಗಿ ಇಟ್ಟುಕೊಂಡವರು. ಹೊಸಬರಿಗೆ ನಿಮ್ಮ ದರ ಪಕ್ಕದ ಮನೆಯ ದರದ ಜೊತೆ ಹೋಲಿಕೆಯಾಗುತ್ತದೆ, ಹಳಬರಿಗೆ ಕಳೆದ ಬಾರಿ ಕೊಟ್ಟ ದರದ ಜೊತೆ. ಆದ್ದರಿಂದ ಯಾವ ದಾರಿ ಹಿಡಿದರೂ ಆ ಮೂಲ ಬೆಲೆ ಏನಾಗುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು.

ವರ್ಷಪೂರ್ತಿ ಒಂದೇ ದರ

ಇದಕ್ಕಿಂತ ಸುಲಭವಾದುದು ಇಲ್ಲ, ಊಟದ ಮೇಜಿನ ಪರೀಕ್ಷೆಯಲ್ಲಿ ಇದಕ್ಕಿಂತ ಚೆನ್ನಾಗಿ ಪಾಸಾಗುವುದೂ ಇಲ್ಲ. ಸೀಸನ್ ಮತ್ತು ಆಫ್‌ಸೀಸನ್‌ಗಳ ನಡುವೆ ಬೇಡಿಕೆಯ ಅಂತರ ಕಡಿಮೆಯಿರುವ ಕಡೆ, ಅತಿಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಳಬರೇ ಆಗಿರುವ ಕಡೆ, ಮತ್ತು ಹೋಮ್‌ಸ್ಟೇ ಮನೆಯ ಮುಖ್ಯ ಆದಾಯವಲ್ಲದ ಕಡೆ ನಾನು ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ.

ಆದರೆ ಇದರ ಬೆಲೆ ಎಷ್ಟು ಎಂಬುದನ್ನು ತಿಳಿದೇ ಇಟ್ಟುಕೊಳ್ಳಬೇಕು. ಮೂಲದರವನ್ನು 100 ಎಂದುಕೊಳ್ಳೋಣ. ಒಂದು ರಾತ್ರಿ ಕೋಣೆ ತುಂಬಿದರೆ ಒಗೆತ, ಶುಚಿ, ತಿಂಡಿ, ವಿದ್ಯುತ್ ಎಂದು ಹೆಚ್ಚುವರಿಯಾಗಿ ಆಗುವ ಖರ್ಚು 30 ಎಂದಿಟ್ಟುಕೊಳ್ಳಿ. ಉಳಿಯುವುದು 70. ದರವನ್ನು 130ಕ್ಕೆ ಏರಿಸಿದರೆ ಉಳಿಯುವುದು 100. ಅಂದರೆ ಸೀಸನ್‌ನ ಹತ್ತು ರಾತ್ರಿಗಳಲ್ಲಿ ಮೂರು ಖಾಲಿ ಬಿದ್ದರೂ ಕೈಗೆ ಸಿಗುವ ಹಣ ಅಷ್ಟೇ ಇರುತ್ತದೆ. ದಿನವೂ ಜನರನ್ನು ತಿರುಗಿಸಿ ಕಳುಹಿಸುವ ಮನೆಯಲ್ಲಿ ಮೂರು ರಾತ್ರಿ ಖಾಲಿ ಬೀಳುವುದಿಲ್ಲ. ಒಂದೇ ದರದ ನೆಮ್ಮದಿಗೆ ಇಂಥ ಮನೆಯವರು ತೆರುತ್ತಿರುವ ಬೆಲೆ ಅದು.

ಇನ್ನೊಂದು ತೊಂದರೆ ಕಣ್ಣಿಗೆ ಬೀಳದಂಥದ್ದು. ಒಂದೇ ದರ ಇರುವಾಗ ಸೀಸನ್‌ನ ಕೋಣೆ ಮೊದಲು ಫೋನ್ ಮಾಡಿದವರ ಪಾಲಾಗುತ್ತದೆ, ತಡವಾಗಿ ಯೋಜಿಸುವ ಹಳೆಯ ಅತಿಥಿಗೆ ಕೋಣೆಯೇ ಸಿಗುವುದಿಲ್ಲ. ದರ ಏರಿಸದೆಯೂ ಹಳಬರು ಹೀಗೆ ದೂರವಾಗಬಹುದು.

ಮೊದಲೇ ಪ್ರಕಟಿಸಿದ ಸೀಸನ್ ದರಪಟ್ಟಿ

ವರ್ಷವನ್ನು ಎರಡು ಅಥವಾ ಮೂರು ಭಾಗ ಮಾಡಿ, ಪ್ರತಿ ಭಾಗದ ಆರಂಭ ಮತ್ತು ಕೊನೆಯ ದಿನಾಂಕಗಳೊಂದಿಗೆ ಒಂದು ವರ್ಷ ಮೊದಲೇ ದರ ಪ್ರಕಟಿಸುವುದು ಈ ದಾರಿ. ಸಣ್ಣ ಮನೆಗಳಿಗೆ ಮೊದಲ ಹೆಜ್ಜೆಯಾಗಿ ಇದೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಅತಿಥಿ ಯೋಜನೆ ಹಾಕುವ ಮೊದಲೇ ದರ ತಿಳಿದಿರುತ್ತದೆ, ದಿನಾಂಕ ಬದಲಿಸಿ ಹಣ ಉಳಿಸುವ ಅವಕಾಶವೂ ಅವರ ಕೈಯಲ್ಲೇ ಇರುತ್ತದೆ.

ಇಲ್ಲಿ ಪಟ್ಟಿಯನ್ನು ಯಾವ ಕಡೆಯಿಂದ ಬರೆಯುತ್ತೀರಿ ಎಂಬುದು ಮುಖ್ಯ. ಹೊಸದಾಗಿ ಆರಂಭಿಸುವವರು ಸೀಸನ್ ದರವನ್ನೇ ಪೂರ್ಣ ದರ ಎಂದು ಬರೆದು, ಉಳಿದ ತಿಂಗಳುಗಳಿಗೆ ರಿಯಾಯಿತಿ ಎಂದು ತೋರಿಸಬೇಕು. ಮೇಲಿನ ಅಧ್ಯಯನದ ಕಾರು ವ್ಯಾಪಾರಿಯ ಉದಾಹರಣೆ ಹೇಳುವುದು ಇದನ್ನೇ. ಆದರೆ ಈಗಾಗಲೇ ಹಲವು ವರ್ಷ 100 ತೆಗೆದುಕೊಂಡವರು ಒಂದು ಬೆಳಗ್ಗೆ 130 ನಮ್ಮ ಪೂರ್ಣ ದರ, ಇಷ್ಟು ದಿನ ಕೊಟ್ಟಿದ್ದು ರಿಯಾಯಿತಿ ಎಂದರೆ ಹಳೆಯ ಅತಿಥಿ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅಂಥವರು 100ನ್ನು ಮಧ್ಯದ ತಿಂಗಳುಗಳ ದರವಾಗಿ ಹಾಗೆಯೇ ಉಳಿಸಿಕೊಂಡು, ಖಾಲಿ ತಿಂಗಳುಗಳಿಗೆ 85 ಎಂದು ಇಳಿಸಿ, ಸೀಸನ್‌ಗೆ ಮೊದಲ ವರ್ಷ 115 ಮತ್ತು ಎರಡನೆಯ ವರ್ಷ 130 ಎಂದು ಎರಡು ಹಂತದಲ್ಲಿ ಏರಿಸುವುದು ಪ್ರಾಮಾಣಿಕ ಕ್ರಮ. ಇಳಿಕೆ ಮತ್ತು ಏರಿಕೆ ಒಂದೇ ಪಟ್ಟಿಯಲ್ಲಿ ಕಾಣಬೇಕು. ಏರಿಕೆಯನ್ನು ಮಾತ್ರ ತಿಳಿಸಿ ಇಳಿಕೆಯನ್ನು ಕೇಳಿದವರಿಗಷ್ಟೇ ಹೇಳುವುದು ತಪ್ಪು.

ಆಫ್‌ಸೀಸನ್ ಇಳಿಕೆಯಲ್ಲಿ ಕೈ ತೀರ ಸಡಿಲ ಬಿಡಬಾರದು. ಉಳಿಕೆ 70 ಇರುವಲ್ಲಿ ದರವನ್ನು 80ಕ್ಕೆ ಇಳಿಸಿದರೆ ಉಳಿಕೆ 50 ಆಗುತ್ತದೆ. ಮೊದಲಿನಷ್ಟೇ ಹಣ ಬರಲು ಶೇಕಡಾ 40ರಷ್ಟು ಹೆಚ್ಚು ರಾತ್ರಿಗಳು ತುಂಬಬೇಕು. ಖಾಲಿ ತಿಂಗಳಲ್ಲಿ ಜನ ಬಾರದಿರುವುದು ದರಕ್ಕಿಂತ ಹೆಚ್ಚಾಗಿ ಹವೆ, ರಜೆ, ರಸ್ತೆಗಳ ಕಾರಣದಿಂದ. ಅವನ್ನು ದರ ಇಳಿಸಿ ಸರಿಪಡಿಸಲಾಗದು.

ಇನ್ನೆರಡು ಸಣ್ಣ ಸಂಗತಿಗಳು ದೊಡ್ಡ ಜಗಳ ತರುತ್ತವೆ. ಸೀಸನ್‌ನ ಗಡಿ ದಾಟುವ ವಾಸ್ತವ್ಯಕ್ಕೆ, ಅಂದರೆ ಎರಡು ರಾತ್ರಿ ಮಧ್ಯದ ದರದಲ್ಲೂ ಎರಡು ರಾತ್ರಿ ಸೀಸನ್ ದರದಲ್ಲೂ ಬೀಳುವ ಬುಕಿಂಗ್‌ಗೆ, ಪ್ರತಿ ರಾತ್ರಿಗೂ ಆಯಾ ದಿನದ ದರವನ್ನೇ ಹಾಕಬೇಕು, ಬಂದ ದಿನದ ದರವನ್ನು ಎಲ್ಲ ರಾತ್ರಿಗೂ ಎಳೆಯಬಾರದು. ಹಬ್ಬ ಮತ್ತು ಶಾಲಾ ರಜೆಗಳು ವರ್ಷದಿಂದ ವರ್ಷಕ್ಕೆ ಜರುಗುವುದರಿಂದ ಪಟ್ಟಿಯಲ್ಲಿ ರಜೆಯ ಹೆಸರಿನ ಬದಲು ದಿನಾಂಕವನ್ನೇ ಬರೆಯಬೇಕು.

ದಿನದಿನದ ಬೇಡಿಕೆಗೆ ತಕ್ಕ ದರ

ವಿಮಾನ ಕಂಪನಿಗಳು 1980ರ ದಶಕದಲ್ಲಿ ಬೆಳೆಸಿದ ಪದ್ಧತಿ ಇದು. ಹಲವು ಬುಕಿಂಗ್ ತಾಣಗಳಲ್ಲಿ ಈಗ ಒಂದು ಗುಂಡಿ ಒತ್ತಿದರೆ ದರ ತಾನಾಗಿಯೇ ಏರಿಳಿಯುತ್ತದೆ. ನೂರು ಕೋಣೆಗಳ ಹೋಟೆಲಿಗೆ ಇದು ಹೊಂದುತ್ತದೆ. ಅಲ್ಲಿ ಪ್ರತಿ ದಿನ ಹತ್ತಾರು ಬುಕಿಂಗ್‌ಗಳು ಬರುವುದರಿಂದ ಬೇಡಿಕೆಯನ್ನು ಓದಲು ಸಾಕಷ್ಟು ಮಾಹಿತಿ ಇರುತ್ತದೆ. ನಾಲ್ಕು ಕೋಣೆಗಳ ಮನೆಗೆ ವಾರದಲ್ಲಿ ಮೂರು ಬುಕಿಂಗ್ ಬಂದರೆ ಅದು ಬೇಡಿಕೆಯ ಏರಿಕೆಯೋ ಒಂದೇ ಕುಟುಂಬದ ಮೂರು ಮನೆಯವರು ಒಟ್ಟಿಗೆ ಬಂದದ್ದೋ ಎಂದು ಯಾವ ಲೆಕ್ಕಾಚಾರವೂ ಹೇಳಲಾರದು.

ಹಳೆಯ ಅತಿಥಿಗೆ ಇದರಿಂದ ಆಗುವ ತೊಂದರೆ ದರ ಹೆಚ್ಚಾಗುವುದಲ್ಲ, ದರ ತಿಳಿಯದಿರುವುದು. ಸೋಮವಾರ ನೋಡಿದಾಗ 105 ಇದ್ದದ್ದು ಮನೆಯವರೊಂದಿಗೆ ಮಾತಾಡಿ ಗುರುವಾರ ಬುಕ್ ಮಾಡುವಾಗ 124 ಆಗಿದ್ದರೆ ಅವರಿಗೆ ಏರಿಕೆಗಿಂತ ಮೊದಲು ಸಿಟ್ಟು ಬರುವುದು ತಮ್ಮ ಮೇಲೆಯೇ, ಆಮೇಲೆ ನಿಮ್ಮ ಮೇಲೆ. ಊಟದ ಮೇಜಿನಲ್ಲಂತೂ ಈ ಪದ್ಧತಿಗೆ ಉತ್ತರವೇ ಇಲ್ಲ. ಬಹುತೇಕ ಎಲ್ಲ ಅತಿಥಿಗಳೂ ಬುಕಿಂಗ್ ತಾಣಗಳಿಂದಲೇ ಬಂದು ಮತ್ತೆ ಬಾರದಂಥ ಕಡೆ, ಉದಾಹರಣೆಗೆ ಒಂದು ರಾತ್ರಿಯ ತಂಗುದಾಣವಾಗಿ ಬಳಕೆಯಾಗುವ ಹೆದ್ದಾರಿ ಪಕ್ಕದ ಮನೆಗಳಲ್ಲಿ, ಇದನ್ನು ಪ್ರಯತ್ನಿಸಬಹುದು. ಆಗಲೂ ಕನಿಷ್ಠ ಮತ್ತು ಗರಿಷ್ಠ ಮಿತಿ ಹಾಕದೆ ಬಿಡಬಾರದು.

ಹಳೆಯ ಅತಿಥಿಗೆ ಕಾಯ್ದಿಟ್ಟ ದರ: ಒಂದು ಲೆಕ್ಕ

ಸೀಸನ್ ದರಪಟ್ಟಿಯನ್ನು ಇಟ್ಟು ಹಳಬರಿಗೆ ಮಾತ್ರ ಸ್ವಲ್ಪ ಕಡಿಮೆ ಮಾಡುವುದು ಹೆಚ್ಚಿನವರ ಮನಸ್ಸಿಗೆ ಮೊದಲು ಬರುವ ಪರಿಹಾರ. ಎಲ್ಲ ಹಳಬರಿಗೂ ಒಂದೇ ರೀತಿ ಇದನ್ನು ಕೊಟ್ಟುಬಿಡುವುದೇ ಇದರಲ್ಲಿ ಆಗುವ ಸಾಮಾನ್ಯ ತಪ್ಪು. ಏಕೆ ಎಂಬುದನ್ನು ಇಬ್ಬರು ಅತಿಥಿಗಳ ಲೆಕ್ಕ ಹಾಕಿ ನೋಡೋಣ.

ಸೀಸನ್ ದರ 130, ಖಾಲಿ ತಿಂಗಳ ದರ 85, ಒಂದು ರಾತ್ರಿಯ ಹೆಚ್ಚುವರಿ ಖರ್ಚು 30. ಬುಕಿಂಗ್ ತಾಣದ ಕಮಿಷನ್ ಶೇಕಡಾ 15 ಎಂದಿಟ್ಟುಕೊಳ್ಳಿ. ಹಳಬರು ನೇರವಾಗಿ ಫೋನ್ ಮಾಡುತ್ತಾರೆ, ಅವರ ಜಾಗಕ್ಕೆ ಬರುವ ಹೊಸಬರು ತಾಣದ ಮೂಲಕ ಬರುತ್ತಾರೆ. ಹೊಸಬರು 130 ಕೊಟ್ಟರೆ ಕಮಿಷನ್ 19.5 ಕಳೆದು ನಿಮಗೆ ಬರುವುದು 110.5. ಆದ್ದರಿಂದ ನೇರವಾಗಿ ಬರುವ ಹಳಬರಿಗೆ 110 ಎಂದರೆ ನೀವು ನಿಜವಾಗಿ ಏನನ್ನೂ ಕಳೆದುಕೊಳ್ಳುತ್ತಿಲ್ಲ ಎಂದು ಅನಿಸುತ್ತದೆ. ಇದು ಅರ್ಧ ಸತ್ಯ. ಹಳಬರು 130 ಕೊಡಲು ಸಿದ್ಧರಿದ್ದರೆ ರಾತ್ರಿಗೆ 20 ಬಿಟ್ಟುಕೊಟ್ಟಂತೆ, ಅವರು ಬಿಟ್ಟು ಹೋಗುವವರಾಗಿದ್ದರೆ ಏನೂ ಬಿಟ್ಟುಕೊಟ್ಟಂತಲ್ಲ.

ಮೊದಲ ಅತಿಥಿ ವರ್ಷಕ್ಕೆ ಎರಡು ಸಲ ಬರುವವರು: ಸೀಸನ್‌ನಲ್ಲಿ 3 ರಾತ್ರಿ, ಖಾಲಿ ತಿಂಗಳಲ್ಲಿ 4 ರಾತ್ರಿ. ಪೂರ್ಣ ಸೀಸನ್ ದರ ಕೊಟ್ಟು ಉಳಿದುಕೊಂಡರೆ ವರ್ಷಕ್ಕೆ ಅವರಿಂದ ಉಳಿಯುವುದು ಸೀಸನ್‌ನಲ್ಲಿ 300, ಖಾಲಿ ತಿಂಗಳಲ್ಲಿ 220, ಒಟ್ಟು 520. ಬೇಸರಗೊಂಡು ಹೋದರೆ ಸೀಸನ್‌ನ 3 ರಾತ್ರಿಗಳನ್ನು ಹೊಸಬರು ತುಂಬುತ್ತಾರೆ, ಅದರಿಂದ 241.5 ಬರುತ್ತದೆ. ಆದರೆ ಖಾಲಿ ತಿಂಗಳ 4 ರಾತ್ರಿಗಳು ಖಾಲಿಯೇ ಉಳಿಯುತ್ತವೆ. 520 ಇದ್ದದ್ದು 241.5ಕ್ಕೆ ಇಳಿಯಿತು, ನಷ್ಟ 278.5. ಅವರಿಗೆ ಸೀಸನ್‌ನಲ್ಲಿ 110 ದರ ಕಾಯ್ದಿಟ್ಟರೆ ಉಳಿಯುವುದು 460. ಅಂದರೆ ವರ್ಷಕ್ಕೆ 60 ಬಿಟ್ಟುಕೊಟ್ಟು 278.5ರ ನಷ್ಟದಿಂದ ಕಾಪಾಡಿಕೊಳ್ಳುತ್ತಿದ್ದೀರಿ. ಇಂಥ ಐದು ಕುಟುಂಬಗಳಲ್ಲಿ ಒಂದಕ್ಕಿಂತ ಹೆಚ್ಚು ಬಿಟ್ಟುಹೋಗುವ ಸಂಭವ ಇದ್ದರೂ ಸಾಕು, ದರ ಕಾಯ್ದಿಡುವುದೇ ಲಾಭ.

ಎರಡನೆಯ ಅತಿಥಿ ಸೀಸನ್‌ನಲ್ಲಿ ಮಾತ್ರ, 3 ರಾತ್ರಿಗೆ ಬರುವವರು. ಪೂರ್ಣ ದರದಲ್ಲಿ ಅವರಿಂದ 300. ಅವರು ಹೋದರೆ ಆ ಜಾಗದಿಂದ 241.5. ಅವರಿಗೆ 110 ದರ ಕಾಯ್ದಿಟ್ಟರೆ 240. ಅಂದರೆ ಅವರು ಖಂಡಿತವಾಗಿ ಬಿಟ್ಟುಹೋಗುತ್ತಾರೆ ಎಂದು ಗೊತ್ತಿದ್ದರೂ ಈ ರಿಯಾಯಿತಿಯಿಂದ ನಿಮಗೆ ಒಂದಿಷ್ಟೂ ಹೆಚ್ಚು ಬರುವುದಿಲ್ಲ.

ಇಬ್ಬರೂ ಒಳ್ಳೆಯ ಅತಿಥಿಗಳೇ, ಇಬ್ಬರೂ ಆರು ವರ್ಷದಿಂದ ಬರುತ್ತಿರುವವರೇ. ಆದರೆ ಒಬ್ಬರು ನಿಮ್ಮ ಖಾಲಿ ತಿಂಗಳನ್ನು ಹೊತ್ತುಕೊಂಡಿದ್ದಾರೆ, ಇನ್ನೊಬ್ಬರು ಎಲ್ಲರಿಗೂ ಬೇಕಾದ ದಿನಗಳನ್ನು ಕೇಳುತ್ತಿದ್ದಾರೆ. ಸೀಸನ್ ದರ ತಂದು ಹಳಬರನ್ನು ನೋಯಿಸಿಕೊಂಡವರ ಪುಸ್ತಕಗಳನ್ನು ನೋಡಿದಾಗ ನನಗೆ ಮತ್ತೆ ಮತ್ತೆ ಕಂಡಿರುವುದು ಇದೇ. ಸೀಸನ್‌ನಲ್ಲಿ ಕೋಣೆ ಎಂದಿನಂತೆ ತುಂಬಿದ್ದರಿಂದ ಅವರಿಗೆ ಯಾರೂ ಹೋಗಿಲ್ಲ ಎನಿಸಿತ್ತು. ಹೋದವರ ಲೆಕ್ಕ ಎಂಟು ತಿಂಗಳ ನಂತರ ಖಾಲಿ ಕೋಣೆಗಳ ರೂಪದಲ್ಲಿ ಬಂತು, ಅಷ್ಟರಲ್ಲಿ ಕಾರಣ ಮರೆತುಹೋಗಿತ್ತು.

ಆದ್ದರಿಂದ ಕಾಯ್ದಿಟ್ಟ ದರಕ್ಕೆ ಹಳಬರು ಎಂಬುದೊಂದೇ ಅರ್ಹತೆಯಾಗಬಾರದು. ಹಿಂದಿನ 12 ತಿಂಗಳಲ್ಲಿ ಆಫ್‌ಸೀಸನ್‌ನಲ್ಲಿ 3 ಅಥವಾ ಹೆಚ್ಚು ರಾತ್ರಿ ಉಳಿದವರಿಗೆ ಸೀಸನ್‌ನಲ್ಲಿ 110 ದರ ಎಂದು ನಿಯಮ ಬರೆದಿಡಿ. ಇದು ಊಟದ ಮೇಜಿನ ಪರೀಕ್ಷೆಯಲ್ಲಿ ನಿಲ್ಲುತ್ತದೆ, ಏಕೆಂದರೆ ಕೇಳಿದ ಯಾವ ಅತಿಥಿಗೂ ಅದೇ ಬಾಗಿಲು ತೆರೆದಿದೆ. ಸೀಸನ್‌ನಲ್ಲಿ ಮಾತ್ರ ಬರುವ ಹಳಬರಿಗೆ ದರದ ಬದಲು ದಿನಾಂಕದ ಆದ್ಯತೆ ಕೊಡಬೇಕು: ಸೀಸನ್‌ನ ಬುಕಿಂಗ್ ಎಲ್ಲರಿಗೂ ತೆರೆಯುವ 30 ದಿನ ಮೊದಲು ಅವರಿಗೆ ತಿಳಿಸಿ, ಅವರಿಗೆ ಇಷ್ಟವಾದ ಕೋಣೆಯನ್ನು ಆ ಅವಧಿಯಲ್ಲಿ ಹಿಡಿದಿಡಿ. ಇದಕ್ಕೆ ನಿಮಗೆ ಖರ್ಚಿಲ್ಲ, ಮತ್ತು ಸೀಸನ್‌ನಲ್ಲೇ ಬರಬೇಕಾದ ಮಕ್ಕಳಿರುವ ಕುಟುಂಬಗಳಿಗೆ ಹಣಕ್ಕಿಂತ ಕೋಣೆ ಸಿಗುವ ಖಾತರಿ ಹೆಚ್ಚು ಬೆಲೆಯುಳ್ಳದ್ದು.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಬಿಟ್ಟುಹೋದವರ ಸೀಸನ್ ರಾತ್ರಿಗಳನ್ನು ಹೊಸಬರು ತುಂಬುತ್ತಾರೆ ಎಂಬ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ. ತಿರುಗಿಸಿ ಕಳುಹಿಸಿದ ಕರೆಗಳ ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ, ಅಂದರೆ ಸೀಸನ್‌ನಲ್ಲೂ ಅರ್ಧ ರಾತ್ರಿಗಳಷ್ಟೇ ಮರುಮಾರಾಟ ಆಗುವಂತಿದ್ದರೆ, ಎರಡನೆಯ ಅತಿಥಿ ಹೋದಾಗ ಉಳಿಯುವುದು 241.5 ಅಲ್ಲ, ಅದರ ಅರ್ಧ. ಆಗ ಅವರಿಗೂ ದರ ಕಾಯ್ದಿಡುವುದು ಅರ್ಥಪೂರ್ಣ. ಹಳಬರು ಕಳುಹಿಸಿಕೊಡುವ ಪರಿಚಯಸ್ಥರನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ಒಂದು ಕುಟುಂಬದ ಮಾತಿನಿಂದ ಬಂದವರ ರಾತ್ರಿಗಳನ್ನು ಅವರ ಖಾತೆಗೇ ಬರೆದು ನೋಡಿದರೆ ತೀರ್ಮಾನ ಬದಲಾಗಬಹುದು.

ತಾಣಗಳ ಒಪ್ಪಂದವನ್ನೂ ಓದಿಕೊಳ್ಳಬೇಕು. ಕೆಲವು ಒಪ್ಪಂದಗಳು ತಾಣದಲ್ಲಿ ಇರುವುದಕ್ಕಿಂತ ಕಡಿಮೆ ದರವನ್ನು ನಿಮ್ಮ ಸ್ವಂತ ವೆಬ್‌ಸೈಟಿನಲ್ಲಿ ಬಹಿರಂಗವಾಗಿ ತೋರಿಸುವುದನ್ನು ನಿರ್ಬಂಧಿಸುತ್ತವೆ. ಹಿಂದೆ ಬಂದವರಿಗೆ ಫೋನಿನಲ್ಲಿ ಅಥವಾ ಖಾಸಗಿ ಸಂದೇಶದಲ್ಲಿ ಹೇಳುವ ದರದ ಬಗ್ಗೆ ಒಪ್ಪಂದ ಏನು ಹೇಳುತ್ತದೆ ಎಂದು ನೋಡಿಯೇ ಮುಂದುವರಿಯಿರಿ. ಇದರ ತದ್ವಿರುದ್ಧ ತಪ್ಪು ಇನ್ನೂ ಕೆಟ್ಟದ್ದು: ತಾಣದಲ್ಲಿ ಕೊನೆಗಳಿಗೆಯ ರಿಯಾಯಿತಿ ಹಾಕಿದ್ದನ್ನು ಮರೆತು ಹಳಬರಿಗೆ ಅದಕ್ಕಿಂತ ಹೆಚ್ಚಿನ ದರವನ್ನು ವಿಶೇಷ ದರ ಎಂದು ಹೇಳಿಬಿಡುವುದು. ಇದನ್ನು ಅತಿಥಿ ಕಂಡುಕೊಂಡರೆ ಕ್ಷಮಿಸುವುದು ಕಷ್ಟ. ಹಳಬರಿಗೆ ದರ ಹೇಳುವ ಮೊದಲು ಪ್ರತಿ ಬಾರಿಯೂ ತಾಣದಲ್ಲಿ ಆ ದಿನಾಂಕಗಳಿಗೆ ಏನು ಕಾಣುತ್ತಿದೆ ಎಂದು ತೆರೆದು ನೋಡಿ.

ದರ ಅದೇ, ನಿಬಂಧನೆ ಬೇರೆ

ದರದ ಅಂಕಿಯನ್ನು ಮುಟ್ಟಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿ ಇದೆ. ಸೀಸನ್‌ನಲ್ಲಿ ಕನಿಷ್ಠ 3 ರಾತ್ರಿ ಉಳಿಯಬೇಕು, ಅರ್ಧ ಹಣ ಅಡ್ವಾನ್ಸ್ ಕೊಡಬೇಕು, 14 ದಿನಕ್ಕಿಂತ ತಡವಾಗಿ ರದ್ದು ಮಾಡಿದರೆ ಅಡ್ವಾನ್ಸ್ ಹಿಂದಿರುಗುವುದಿಲ್ಲ ಎಂಬಂಥ ನಿಯಮಗಳು. ಇವು ಒಂದು ರಾತ್ರಿಯ ಬುಕಿಂಗ್‌ಗಳ ನಡುವೆ ಖಾಲಿ ಬೀಳುವ ದಿನಗಳನ್ನೂ ಕೊನೆಯ ಕ್ಷಣದ ರದ್ದತಿಯನ್ನೂ ತಡೆಯುತ್ತವೆ, ಪ್ರತಿ ಬಾರಿ ಅತಿಥಿ ಬದಲಾದಾಗ ಆಗುವ ಒಗೆತ ಮತ್ತು ಶುಚಿಯ ಖರ್ಚನ್ನೂ ಇಳಿಸುತ್ತವೆ. ಮನೆಯವರಿಬ್ಬರೇ ದುಡಿಯುವ ಕಡೆ ಮೈದಣಿವು ಕಡಿಮೆಯಾಗುವುದೂ ಒಂದು ಲಾಭವೇ.

ಹಳಬರಲ್ಲಿ ಹೆಚ್ಚಿನವರು ಮೂರು ನಾಲ್ಕು ರಾತ್ರಿ ಉಳಿಯುವವರಾದರೆ ಈ ನಿಯಮಗಳು ಅವರನ್ನು ಮುಟ್ಟುವುದೇ ಇಲ್ಲ. ಆದರೆ ವಾರಾಂತ್ಯಕ್ಕೆ ಒಂದೇ ರಾತ್ರಿ ಬಂದು ಹೋಗುವ ಹಳಬರು ಇದ್ದರೆ ಅವರಿಗೆ ಇದು ದರ ಏರಿಕೆಗಿಂತ ಕಠಿಣ. ಹೆಚ್ಚು ಕೊಟ್ಟು ಬರುವ ದಾರಿಯೂ ಅವರಿಗೆ ಇಲ್ಲವಾಗುತ್ತದೆ. ಪುಸ್ತಕ ತೆಗೆದು ಹಳಬರ ಸರಾಸರಿ ವಾಸ್ತವ್ಯ ಎಷ್ಟು ರಾತ್ರಿ ಎಂದು ನೋಡಿದ ಮೇಲೆಯೇ ಇದನ್ನು ಆರಿಸಿಕೊಳ್ಳಬೇಕು.

ಟ್ಯಾಕ್ಸಿಯಲ್ಲಿ ಏನು ಬೇರೆ

ಹೋಮ್‌ಸ್ಟೇಗೆ ಬರುವವರು ತಿಂಗಳು ಬದಲಿಸಬಹುದು. ರೈಲು ಹಿಡಿಯಬೇಕಾದವರು ಅಥವಾ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುವವರು ಸಮಯ ಬದಲಿಸಲಾರರು. ಆದ್ದರಿಂದ ಸ್ಥಳೀಯವಾಗಿ ವರ್ಷಪೂರ್ತಿ ಕರೆಯುವ ಗ್ರಾಹಕರಿಗೆ ಸೀಸನ್ ದರ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಮೇಲಿನ ಲೆಕ್ಕದಂತೆ ಅವರೇ ನಿಮ್ಮ ಖಾಲಿ ತಿಂಗಳನ್ನು ಹೊತ್ತವರು. ಮೀಟರ್ ದರವನ್ನು ಸರಕಾರವೇ ನಿಗದಿಪಡಿಸುವ ಕಡೆ ಅದನ್ನು ಬದಲಿಸುವ ಮಾತೇ ಬರುವುದಿಲ್ಲ, ಸೀಸನ್ ದರ ಏನಿದ್ದರೂ ಮೊದಲೇ ಮಾತಾಡಿಕೊಂಡ ಪ್ರವಾಸಗಳಿಗೆ ಮಾತ್ರ, ಅದೂ ನಿಯಮ ಒಪ್ಪಿದರೆ.

ಪ್ರವಾಸಗಳಲ್ಲಿ ಕಿಲೋಮೀಟರ್ ದರವನ್ನು ಏರಿಸುವ ಬದಲು ಸೀಸನ್‌ನಲ್ಲಿ ನಿಜವಾಗಿ ಹೆಚ್ಚಾಗುವ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸುವುದು ಮೇಲು. ಸೀಸನ್‌ನ ಆರಂಭದಲ್ಲಿ ಜನ ಒಂದೇ ದಿಕ್ಕಿಗೆ ಹೋಗುತ್ತಾರೆ, ಕಾರು ಖಾಲಿ ವಾಪಸ್ ಬರಬೇಕಾಗುತ್ತದೆ. 80 ಕಿಲೋಮೀಟರ್ ದೂರದ ಒಂದು ಕಡೆಯ ಪ್ರಯಾಣಕ್ಕೆ ಕಾರು ಓಡುವುದು 160. ದಟ್ಟಣೆಯಲ್ಲಿ ನಿಂತ ಹೊತ್ತು ಇನ್ನೊಂದು ಬಾಡಿಗೆಯನ್ನು ತಪ್ಪಿಸುತ್ತದೆ. ಹೀಗೆ ಕಿಲೋಮೀಟರ್ ದರ ಎಂದಿನಂತೆ, ಖಾಲಿ ವಾಪಸಿಗೆ ಇಷ್ಟು, ಕಾಯುವ ಸಮಯಕ್ಕೆ ಗಂಟೆಗೆ ಇಷ್ಟು ಎಂದು ಬರೆದು ಕೊಟ್ಟರೆ ಗ್ರಾಹಕರು ಕಾರಣವನ್ನು ಕಣ್ಣಾರೆ ಕಾಣುತ್ತಾರೆ. ಖರ್ಚಿನ ಕಾರಣದ ಏರಿಕೆಯನ್ನು ಜನ ಒಪ್ಪುತ್ತಾರೆ ಎಂದು ಆಗಲೇ ಹೇಳಿದೆ. ವಾಪಸ್ ದಾರಿಯಲ್ಲಿ ಬೇರೆ ಬಾಡಿಗೆ ಸಿಕ್ಕರೆ ಆ ಸಾಲನ್ನು ಕೈಬಿಡಬೇಕು ಅಥವಾ ಅರ್ಧ ಮಾಡಬೇಕು. ಹಾಗೆ ಮಾಡದಿದ್ದರೆ ಆ ಸಾಲು ಬರೀ ನೆಪವಾಗಿಬಿಡುತ್ತದೆ.

ಯಾರಿಗೆ ಯಾವುದು, ಹೇಗೆ ಹೇಳುವುದು

ಎರಡು ಕೋಣೆ, ಒಬ್ಬರೇ ನಿಭಾಯಿಸುವವರು, ಸೀಸನ್‌ನಲ್ಲಿ ತಿರುಗಿಸಿ ಕಳುಹಿಸಿದವರು ಬೆರಳೆಣಿಕೆಯಷ್ಟು ಎಂದಾದರೆ ಒಂದೇ ದರ ಇಟ್ಟು ಸೀಸನ್‌ನಲ್ಲಿ ಕನಿಷ್ಠ ರಾತ್ರಿಗಳ ನಿಯಮ ಸೇರಿಸಿದರೆ ಸಾಕು. ನಾಲ್ಕರಿಂದ ಎಂಟು ಕೋಣೆ, ಸಾಲದ ಕಂತು ಇದೆ, ಸೀಸನ್ ಮೂರು ತಿಂಗಳ ಮೊದಲೇ ತುಂಬುತ್ತದೆ, ಹಳಬರು ವರ್ಷವಿಡೀ ಹರಡಿಕೊಂಡಿದ್ದಾರೆ ಎಂದಾದರೆ ಮೂರು ಹಂತದ ದರಪಟ್ಟಿಯ ಜೊತೆ ಆಫ್‌ಸೀಸನ್ ವಾಸ್ತವ್ಯಕ್ಕೆ ಜೋಡಿಸಿದ ಕಾಯ್ದಿಟ್ಟ ದರ ಸರಿಯಾದದ್ದು. ಹಳಬರೆಲ್ಲ ಸೀಸನ್‌ನವರೇ ಆಗಿದ್ದರೆ ದರಪಟ್ಟಿ ಮತ್ತು 30 ದಿನದ ಆದ್ಯತೆ, ಅಷ್ಟೇ.

ತಿಳಿಸುವ ಸಮಯ ಮುಂದಿನ ಬುಕಿಂಗ್‌ನ ಫೋನ್ ಅಲ್ಲ. ಅತಿಥಿ ಈ ಬಾರಿ ಹೊರಡುವಾಗ, ಅಥವಾ ಅವರು ಸಾಮಾನ್ಯವಾಗಿ ಬುಕ್ ಮಾಡುವ ತಿಂಗಳಿಗಿಂತ ಎರಡು ತಿಂಗಳ ಮೊದಲು, ಹೆಸರು ಹಿಡಿದು ಬರೆದ ಸಂದೇಶದಲ್ಲಿ ತಿಳಿಸಬೇಕು. ಅದು ಹೀಗಿರಬಹುದು: "ನಮಸ್ಕಾರ. ಮುಂದಿನ ವರ್ಷದಿಂದ ನಮ್ಮ ದರ ಮೂರು ಹಂತದಲ್ಲಿರುತ್ತದೆ, ದಿನಾಂಕ ಸಮೇತ ಪಟ್ಟಿ ಕೆಳಗಿದೆ. ಸೀಸನ್ ದರ ಏರಿದೆ, ಆಫ್‌ಸೀಸನ್ ದರ ಇಳಿದಿದೆ. ನೀವು ಕಳೆದ ಬಾರಿ ಆಫ್‌ಸೀಸನ್‌ನಲ್ಲಿ ನಾಲ್ಕು ರಾತ್ರಿ ಇದ್ದಿರಿ, ಆದ್ದರಿಂದ ಮುಂದಿನ ಸೀಸನ್‌ಗೆ ನಿಮಗೆ ಈ ದರ ಅನ್ವಯಿಸುತ್ತದೆ. ಎಲ್ಲರಿಗೂ ಬುಕಿಂಗ್ ತೆರೆಯುವ ಮೊದಲು ಒಂದು ತಿಂಗಳು ನಿಮ್ಮ ಎಂದಿನ ಕೋಣೆಯನ್ನು ಹಿಡಿದಿಟ್ಟಿರುತ್ತೇವೆ." ಕ್ಷಮೆ ಬೇಡ, ಮಾರುಕಟ್ಟೆಯ ಪರಿಸ್ಥಿತಿಯ ಬಗ್ಗೆ ದೀರ್ಘ ವಿವರಣೆಯೂ ಬೇಡ. ಯಾರಾದರೂ ಚೌಕಾಸಿ ಮಾಡಿದರೆ ನಿಯಮದೊಳಗಿನ ರಿಯಾಯಿತಿ ಬಿಟ್ಟು ಬೇರೆ ಕೊಡಬೇಡಿ. ಕೇಳಿದವರಿಗೆ ಇಳಿಸಿ ಕೇಳದ ಸಂಕೋಚದವರಿಂದ ಪೂರ್ಣ ದರ ಪಡೆದರೆ ನಿಮ್ಮ ಅತ್ಯಂತ ಸೌಮ್ಯ ಅತಿಥಿಗಳಿಗೇ ಅನ್ಯಾಯ ಮಾಡಿದಂತಾಗುತ್ತದೆ.

ಬೇಸರಗೊಂಡ ಹಳೆಯ ಅತಿಥಿ ಸಾಮಾನ್ಯವಾಗಿ ದೂರು ಹೇಳುವುದಿಲ್ಲ. ನಾಲ್ಕು ರಾತ್ರಿ ಇರುತ್ತಿದ್ದವರು ಎರಡಕ್ಕೆ ಇಳಿಯುತ್ತಾರೆ, ನೇರ ಫೋನ್ ಬಿಟ್ಟು ತಾಣದ ಮೂಲಕ ಬುಕ್ ಮಾಡುತ್ತಾರೆ, ಇಲ್ಲವೇ ದರ ಕೇಳಿ ಸುಮ್ಮನಾಗುತ್ತಾರೆ. ಆದ್ದರಿಂದ ಒಂದು ಪುಸ್ತಕದಲ್ಲಿ ಪ್ರತಿ ಹಳೆಯ ಅತಿಥಿಗೆ ಒಂದು ಪುಟ ಇಟ್ಟು ಬಂದ ತಿಂಗಳು, ರಾತ್ರಿಗಳು, ಕೊಟ್ಟ ದರ, ಬುಕಿಂಗ್ ಬಂದ ದಾರಿ ಇಷ್ಟನ್ನು ಬರೆಯಿರಿ. ಹೊಸ ದರದ ಮೊದಲ ಸೀಸನ್ ಮುಗಿದ ವಾರ ಲೆಕ್ಕ ನೋಡಬೇಡಿ, ಅದು ಚೆನ್ನಾಗಿಯೇ ಕಾಣುತ್ತದೆ. ಅದರ ಮುಂದಿನ ಆಫ್‌ಸೀಸನ್ ಮುಗಿದ ಮೇಲೆ, ಹಿಂದಿನ ವರ್ಷ ಆ ತಿಂಗಳುಗಳಲ್ಲಿ ಬಂದಿದ್ದ ಹಳಬರಲ್ಲಿ ಎಷ್ಟು ಮಂದಿ ಈ ಬಾರಿ ಬಂದರು ಎಂದು ಎಣಿಸಿ. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕಾಣೆಯಾಗಿದ್ದರೆ ಅವರಿಗೆ ಫೋನ್ ಮಾಡಿ ವಿಚಾರಿಸಿ, ಕಾರಣ ದರವೇ ಎಂದಾದರೆ ಎರಡನೆಯ ಹಂತದ ಏರಿಕೆಯನ್ನು ಒಂದು ವರ್ಷ ಮುಂದೂಡಿ, ಪಟ್ಟಿಯನ್ನು ಹಾಗೆಯೇ ಇಡಿ.